ಬಿಪಿ ಮಾತ್ರೆ ಬಿಟ್ಟವರು ಬಾಯಿ ಬಿಡದ ಮಾತು

ಮೂರು ತಿಂಗಳ ಹಿಂದೆ 130/84 ಇದ್ದ ರಕ್ತದೊತ್ತಡ ಇವತ್ತು 178/108. ಇನ್ನೊಂದು ತೋಳಿನಲ್ಲಿ ನೋಡಿದರೂ ಅಷ್ಟೇ. "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಎಂದರೆ "ಹ್ಞೂ ಡಾಕ್ಟ್ರೇ, ಒಂದು ದಿನಾನೂ ತಪ್ಪಿಸಿಲ್ಲ" ಎನ್ನುತ್ತಾರೆ, ಕಣ್ಣು ಮಾತ್ರ ಗೋಡೆಯ ಕ್ಯಾಲೆಂಡರಿನ ಮೇಲೆ. ಪಕ್ಕದ ಕುರ್ಚಿಯಲ್ಲಿ ಕೂತ ಹೆಂಡತಿ ಸೆರಗಿನ ಅಂಚು ಮಡಿಸುತ್ತಿರುತ್ತಾರೆ. ಚೀಟಿ ತೆಗೆದುಕೊಂಡು ಇಬ್ಬರೂ ಹೊರಗೆ ಹೋಗುತ್ತಾರೆ. ಎರಡು ನಿಮಿಷದಲ್ಲಿ ಆತ ಒಬ್ಬರೇ ವಾಪಸ್ ಬಂದು, ಬಾಗಿಲು ಮುಂದಕ್ಕೆ ಎಳೆದು, ನಿಂತುಕೊಂಡೇ ಹೇಳುತ್ತಾರೆ: "ಬಿಪಿ ಮಾತ್ರೆ ಬಿಟ್ಟು ಮೂರು ವಾರ ಆಯ್ತು ಡಾಕ್ಟ್ರೇ. ಅದನ್ನ ತಗೊಂಡ್ರೆ ಸಂಸಾರ ಮಾಡೋಕಾಗಲ್ಲ ಅಂತ ನಮ್ಮ ಮಂಡಿಯಲ್ಲಿ ಎಲ್ರೂ ಹೇಳ್ತಾರೆ. ನನಗೂ ಹಂಗೇ ಆಗಿದೆ."

ಇದು ಒಬ್ಬರ ಕಥೆಯಲ್ಲ. ಬಾಗಿಲ ತನಕ ಹೋಗಿ ತಿರುಗಿ ಬಂದ ಹಲವರನ್ನು ಸೇರಿಸಿ ಒಬ್ಬ ಮನುಷ್ಯನನ್ನಾಗಿ ಇಲ್ಲಿ ಕೂರಿಸಿದ್ದೇನೆ. ವಯಸ್ಸು 51, ಅಡಿಕೆ ಮಂಡಿಯಲ್ಲಿ ವ್ಯಾಪಾರ, ಬೀಡಿ ಸಿಗರೇಟು ಇಲ್ಲ, ಅಪರೂಪಕ್ಕೆ ಒಂದು ಪೆಗ್. ಕೊಡುವ ಅಂಕಿಗಳು ಇಂಥವರಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳೇ. ಅವರ ಚೀಟಿಯಲ್ಲಿದ್ದ ಮಾತ್ರೆಗಳಂತೂ ನಮ್ಮ ಯಾವ ಊರಿನ ಮೆಡಿಕಲ್ ಶಾಪಿನಲ್ಲೂ ದಿನಕ್ಕೆ ಹತ್ತಾರು ಸಲ ಕೌಂಟರ್ ದಾಟುವಂಥವು.

ಕೂರಿಸಿ ಮೊದಲು ಕೇಳಬೇಕಾದ ಪ್ರಶ್ನೆ: ಆಗುತ್ತಿಲ್ಲ ಎಂದರೆ ಏನು ಆಗುತ್ತಿಲ್ಲ? ಆಸೆಯೇ ಹುಟ್ಟುತ್ತಿಲ್ಲವೇ? ಆಸೆ ಇದ್ದೂ ನಿಮಿರುವುದಿಲ್ಲವೇ? ನಿಮಿರಿ ಎಲ್ಲವೂ ಸರಿಯಿದ್ದೂ ಸ್ಖಲನ ಆಗುವುದಿಲ್ಲವೇ? ಜನರ ಬಾಯಲ್ಲಿ ಈ ಮೂರಕ್ಕೂ ಒಂದೇ ಹೆಸರು: "ಶಕ್ತಿ ಕಮ್ಮಿ" ಅಥವಾ "ನರದ ವೀಕ್‌ನೆಸ್". ಆದರೆ ದೇಹದಲ್ಲಿ ಈ ಮೂರೂ ಬೇರೆ ಬೇರೆ ಕಡೆ ನಡೆಯುವ ಕೆಲಸಗಳು. ಒಂದೊಂದು ಮಾತ್ರೆ ಒಂದೊಂದನ್ನು ಕೆಡಿಸುತ್ತದೆ. ಹಾಗಾಗಿ ಯಾವುದು ಕೆಟ್ಟಿದೆ ಎನ್ನುವುದೇ ಯಾವ ಮಾತ್ರೆ ಎನ್ನುವುದಕ್ಕೆ ಅರ್ಧ ಉತ್ತರ.

ಆಸೆ ಹುಟ್ಟುವುದು ಮಿದುಳಿನಲ್ಲಿ. ಅದಕ್ಕೆ ಬೇಕಾದ ಗೊಬ್ಬರ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು, ಜೊತೆಗೆ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ. ನಿಮಿರುವಿಕೆ ನರ ಮತ್ತು ರಕ್ತನಾಳದ ಕೆಲಸ. ಶಿಶ್ನದ ಉದ್ದಕ್ಕೂ ಸ್ಪಂಜಿನಂಥ ಎರಡು ಕೊಳವೆಗಳಿವೆ. ಉಳಿದ ಹೊತ್ತಿನಲ್ಲಿ ಅವುಗಳ ಸ್ನಾಯು ಬಿಗಿದುಕೊಂಡಿರುತ್ತದೆ, ರಕ್ತಕ್ಕೆ ಜಾಗವಿರುವುದಿಲ್ಲ. ಆಸೆಯ ಸಂದೇಶ ಬಂದಾಗ ನರದ ತುದಿಯಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದು ಸ್ನಾಯುವನ್ನು ಸಡಿಲಿಸುತ್ತದೆ, ರಕ್ತ ನುಗ್ಗಿ ತುಂಬುತ್ತದೆ. ಉಬ್ಬಿದ ಸ್ಪಂಜು ರಕ್ತ ಹೊರಗೆ ಹೋಗುವ ಸಿರೆಗಳನ್ನೇ ಅದುಮಿ ಹಿಡಿಯುವುದರಿಂದ ಗಡಸುತನ ನಿಲ್ಲುತ್ತದೆ. ಮೂರನೆಯದು ಸುಖದ ತುದಿ ಮತ್ತು ಸ್ಖಲನ. ಇದರ ಮೇಲೆ ಸೆರೊಟೊನಿನ್ ಎಂಬ ರಾಸಾಯನಿಕಕ್ಕೆ ದೊಡ್ಡ ಹಿಡಿತ. ಅದು ಹೆಚ್ಚಾದಷ್ಟೂ ತಡ.

ನಮ್ಮ ಮಂಡಿ ವ್ಯಾಪಾರಿ ಸ್ವಲ್ಪ ಯೋಚಿಸಿ ಹೇಳಿದ್ದು: "ಮನಸ್ಸೇ ಬರಲ್ಲ ಡಾಕ್ಟ್ರೇ. ಮೊದಲೆಲ್ಲ ಬೆಳಿಗ್ಗೆ ಏಳುವಾಗ ಗಟ್ಟಿ ಇರ್ತಿತ್ತು, ಈಗ ಅದೂ ಇಲ್ಲ. ಯಾವಾಗಾದ್ರೂ ಆದ್ರೂ, ಎಷ್ಟು ಹೊತ್ತಾದ್ರೂ ಮುಗಿಯಲ್ಲ."

ಅಂದರೆ ಮೂರೂ ಕೆಟ್ಟಿವೆ. ಬೆಳಗಿನ ನಿಮಿರುವಿಕೆಯ ಮಾತು ಮುಖ್ಯ. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ ರಾತ್ರಿಗೆ ಹಲವು ಸಲ ತಾನಾಗಿಯೇ ನಿಮಿರುತ್ತದೆ. ಅದಕ್ಕೆ ಮನಸ್ಸಿನ ಒಪ್ಪಿಗೆ ಬೇಕಿಲ್ಲ. ಹೆಂಡತಿಯ ಹತ್ತಿರ ಆಗುವುದಿಲ್ಲ, ಬೆಳಗಿನ ಜಾವ ಮಾತ್ರ ಚೆನ್ನಾಗಿರುತ್ತದೆ ಎಂದರೆ ನರ, ರಕ್ತನಾಳ, ಹಾರ್ಮೋನು ಬಹುತೇಕ ಸರಿಯಿವೆ. ಅಡ್ಡಿ ಇರುವುದು ಹೆದರಿಕೆಯಲ್ಲೋ ಮನೆಯ ಜಗಳದಲ್ಲೋ. ಬೆಳಗಿನದೂ ನಿಂತಿದ್ದರೆ ದೇಹದಲ್ಲೇ ಏನೋ ನಡೆದಿದೆ ಎಂದು ಹುಡುಕಬೇಕು.

ಎರಡನೆಯ ಪ್ರಶ್ನೆ ತಾರೀಖಿನದು. ತೊಂದರೆ ಯಾವಾಗ ಶುರುವಾಯಿತು, ಯಾವ ಮಾತ್ರೆ ಯಾವಾಗ ಶುರುವಾಯಿತು. ಇದನ್ನು ನೆನಪಿನಿಂದ ಹೇಳಲು ಯಾರಿಗೂ ಆಗುವುದಿಲ್ಲ. ಹಳೆಯ ಚೀಟಿಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಹರಡಬೇಕು. ಮರುದಿನ ಅವರು ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದನ್ನು ಜೋಡಿಸಿದಾಗ ಕಂಡದ್ದು ಹೀಗೆ. ನಾಲ್ಕು ವರ್ಷದ ಹಿಂದೆ ಬಿಪಿಗೆ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ. ಒಂದೂವರೆ ವರ್ಷದ ಹಿಂದೆ ಒತ್ತಡ ಹತೋಟಿಗೆ ಬಾರದೆ, ಅದೇ ಮಾತ್ರೆಯ ಜೊತೆ ಕ್ಲೋರ್ಥಾಲಿಡೋನ್ 12.5 ಸೇರಿದ ಜೋಡಿ ಮಾತ್ರೆ. ಎಂಟು ತಿಂಗಳ ಹಿಂದೆ ಹೊಟ್ಟೆ ಉಬ್ಬರ, ಹುಳಿತೇಗು ಎಂದು ಹೋದಾಗ ಯಾರೋ ಬರೆದುಕೊಟ್ಟ ಗ್ಯಾಸ್ಟ್ರಿಕ್ ಕ್ಯಾಪ್ಸೂಲ್. ಐದು ತಿಂಗಳ ಹಿಂದೆ ತಾಯಿ ತೀರಿಕೊಂಡ ಮೇಲೆ ನಿದ್ದೆ ಊಟ ಬಿಟ್ಟು ಮಂಕಾಗಿ ಕೂತಾಗ ಮನೋವೈದ್ಯರು ಕೊಟ್ಟ ಎಸ್ಸಿಟಾಲೊಪ್ರಾಂ 10, ಕ್ಲೊನಾಜೆಪಾಂ 0.5.

ತೊಂದರೆ ಶುರುವಾದದ್ದು ಯಾವಾಗ? ಅದನ್ನು ಹೇಳಿದ್ದು ಹೆಂಡತಿ. "ದಸರಾ ಮುಗಿದ ಮೇಲೆ" ಎಂದರು. ಲೆಕ್ಕ ಹಾಕಿದರೆ ಏಳು ತಿಂಗಳು. ಹೆಂಡತಿಯನ್ನು ಹೊರಗೆ ಕೂರಿಸಿ ಮಾತಾಡುವ ನಮ್ಮ ಪದ್ಧತಿಯಿಂದ ಎಷ್ಟು ಮಾಹಿತಿ ಕಳೆದುಕೊಳ್ಳುತ್ತೇವೆ ಎಂದು ಇಂಥ ಹೊತ್ತಿನಲ್ಲಿ ನನಗೆ ಅನಿಸುತ್ತದೆ.

ಈಗ ಒಂದೊಂದೇ ಮಾತ್ರೆಯನ್ನು ಎದುರಿಗೆ ನಿಲ್ಲಿಸಿ ವಿಚಾರಿಸೋಣ. ಮೊದಲು ಎಲ್ಲರೂ ಬೈಯುವ ಬಿಪಿ ಮಾತ್ರೆ.

"ಬಿಪಿ ಮಾತ್ರೆ" ಎಂಬ ಒಂದೇ ಮಾತ್ರೆ ಇಲ್ಲ. ಹಲವು ಜಾತಿಗಳಿವೆ, ಅವುಗಳ ಗುಣವೂ ಬೇರೆ. ಟೆಲ್ಮಿಸಾರ್ಟನ್, ಲೋಸಾರ್ಟನ್‌ನಂಥ 'ಸಾರ್ಟನ್' ಹೆಸರಿನವು, ಎನಲಾಪ್ರಿಲ್, ರಾಮಿಪ್ರಿಲ್‌ನಂಥ 'ಪ್ರಿಲ್' ಹೆಸರಿನವು, ಅಮ್ಲೋಡಿಪಿನ್ — ಇವು ನಿಮಿರುವಿಕೆಯನ್ನು ಸಾಮಾನ್ಯವಾಗಿ ಕೆಡಿಸುವುದಿಲ್ಲ. ದೂರು ಬರುವುದು ಮುಖ್ಯವಾಗಿ ಎರಡು ಗುಂಪಿನ ಮೇಲೆ. ಒಂದು, ಮೂತ್ರ ಹೆಚ್ಚಿಸಿ ಒತ್ತಡ ಇಳಿಸುವ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್. ಇನ್ನೊಂದು, ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ಗಳು: ಅಟೆನೊಲಾಲ್, ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್. ಇದೇ ಗುಂಪಿನ ನೆಬಿವೊಲಾಲ್ ರಕ್ತನಾಳದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುವುದರಿಂದ ಅದರ ಮೇಲೆ ದೂರು ಕಡಿಮೆ. ಹೃದಯ ಸೋತವರಿಗೂ ಬಿಪಿ ಬಗ್ಗದವರಿಗೂ ಕೊಡುವ ಸ್ಪೈರೊನೊಲ್ಯಾಕ್ಟೋನ್ ಬೇರೆಯೇ ದಾರಿಯದು. ಅದು ಗಂಡು ಹಾರ್ಮೋನಿನ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ, ಆಸೆ ಕುಗ್ಗುತ್ತದೆ, ಎದೆ ಉಬ್ಬಿ ಮುಟ್ಟಿದರೆ ನೋಯುತ್ತದೆ. ಎಪ್ಲೆರಿನೋನ್ ಎಂಬ ಬದಲಿ ಮಾತ್ರೆಯಲ್ಲಿ ಈ ಕಾಟ ಬಹಳ ಕಡಿಮೆ.

ದೂರಿಗೆ ಆಧಾರ ಎಷ್ಟು? ಅಮೆರಿಕದಲ್ಲಿ ಸೌಮ್ಯ ರಕ್ತದೊತ್ತಡ ಇದ್ದವರ ಮೇಲೆ ನಡೆದ ಒಂದು ದೀರ್ಘ ಅಧ್ಯಯನದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ಕ್ಲೋರ್ಥಾಲಿಡೋನ್ ತೆಗೆದುಕೊಂಡ ಗಂಡಸರಲ್ಲಿ ಸುಮಾರು 17 ಶೇಕಡಾ ಜನರಿಗೆ ನಿಮಿರುವಿಕೆಯ ತೊಂದರೆ ಇತ್ತು. ಔಷಧವೇ ಇಲ್ಲದ ಸಪ್ಪೆ ಮಾತ್ರೆ ನುಂಗಿದವರಲ್ಲಿ ಸುಮಾರು 8 ಶೇಕಡಾ. ಅಂದರೆ ದೂರು ಸುಳ್ಳಲ್ಲ. ಆದರೆ ಅದೇ ಅಧ್ಯಯನ ನಾಲ್ಕು ವರ್ಷ ಮುಟ್ಟುವ ಹೊತ್ತಿಗೆ ಈ ಎರಡು ಗುಂಪಿನ ನಡುವಿನ ಅಂತರ ಕರಗಿಹೋಗಿತ್ತು. ಸಪ್ಪೆ ಮಾತ್ರೆಯವರಲ್ಲೂ ತೊಂದರೆ ಬಂದಿತ್ತು, ಯಾಕೆಂದರೆ ಹತೋಟಿಯಿಲ್ಲದ ಒತ್ತಡ ತಾನೇ ರಕ್ತನಾಳದ ಒಳಪದರವನ್ನು ಗೀರಿ ಹಾಳು ಮಾಡುತ್ತದೆ. ನೈಟ್ರಿಕ್ ಆಕ್ಸೈಡ್ ಹುಟ್ಟಬೇಕಾದ ಜಾಗವೇ ಅದು. ನಿಮಿರುವಿಕೆ ಉಳಿಸಿಕೊಳ್ಳಲೆಂದು ಬಿಪಿ ಮಾತ್ರೆ ಬಿಟ್ಟವರು ಅದನ್ನೇ ನಿಧಾನವಾಗಿ ಕಳೆದುಕೊಳ್ಳುತ್ತಿರುತ್ತಾರೆ.

ಬೀಟಾ ಬ್ಲಾಕರ್ ವಿಷಯದಲ್ಲಿ ಇಟಲಿಯ ವೈದ್ಯರು 2003ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಮನಸ್ಸಿನಲ್ಲಿ ಸದಾ ಇರುತ್ತದೆ. ಹೃದಯದ ಕಾಯಿಲೆಯಿದ್ದೂ ನಿಮಿರುವಿಕೆಯ ತೊಂದರೆ ಇಲ್ಲದ 96 ಗಂಡಸರಿಗೆ ಮೂರು ಗುಂಪು ಮಾಡಿ ಅಟೆನೊಲಾಲ್ 50 ಮಿಲಿಗ್ರಾಂ ಕೊಟ್ಟರು. ಮೊದಲ ಗುಂಪಿಗೆ ಮಾತ್ರೆಯ ಹೆಸರನ್ನೂ ಹೇಳಲಿಲ್ಲ. ಎರಡನೆಯದಕ್ಕೆ ಹೆಸರು ಮಾತ್ರ ಹೇಳಿದರು. ಮೂರನೆಯದಕ್ಕೆ ಹೆಸರಿನ ಜೊತೆ, ಇದರಿಂದ ನಿಮಿರುವಿಕೆ ಕುಗ್ಗಬಹುದು ಎಂದೂ ಹೇಳಿದರು. ಮೂರು ತಿಂಗಳ ಮೇಲೆ ಕೇಳಿದಾಗ ತೊಂದರೆಯಾಗಿದ್ದವರು ಮೊದಲ ಗುಂಪಿನ 32 ಜನರಲ್ಲಿ 1, ಎರಡನೆಯದರಲ್ಲಿ 5, ಮೂರನೆಯದರಲ್ಲಿ 10. ಮಾತ್ರೆ ಒಂದೇ, ಅಳತೆ ಒಂದೇ. ಬೇರೆಯಾಗಿದ್ದುದು ಕಿವಿಗೆ ಬಿದ್ದ ಮಾತು. ಮಂಡಿಯಲ್ಲಿ ಕೂತು ಹೇಳುವ ಮಾತಿಗೂ ಅಷ್ಟೇ ಬಲವಿದೆ. ಹಾಗೆಂದು ಅವರಿಗೆ ಆದ ತೊಂದರೆ ನಾಟಕವಲ್ಲ. ಹೆದರಿಕೆಯಿಂದ ಹೊರಡುವ ಅಡ್ರಿನಲಿನ್ ಆ ಸ್ಪಂಜಿನ ಸ್ನಾಯುವನ್ನು ನಿಜಕ್ಕೂ ಬಿಗಿಯುತ್ತದೆ. ಈ ಲೇಖನ ಬರೆಯುವಾಗಲೂ ನನಗೆ ಅದೇ ಅಳುಕು: ಇದನ್ನು ಓದಿ ಯಾರಿಗೆ ಹೊಸದಾಗಿ ತೊಂದರೆ ಶುರುವಾದೀತೋ ಎಂದು. ಈಗ ನೆಮ್ಮದಿಯಾಗಿದ್ದೀರಿ ಎಂದಾದರೆ ನಿಮ್ಮ ಮಾತ್ರೆ ನಿಮಗೆ ಒಗ್ಗಿದೆ ಎಂದೇ ಅರ್ಥ. ಹೆಸರು ಹುಡುಕುತ್ತಾ ಹೋಗಬೇಡಿ.

ನಮ್ಮ ವ್ಯಾಪಾರಿಯ ಬಿಪಿ ಮಾತ್ರೆಗೆ ಮರಳೋಣ. ಟೆಲ್ಮಿಸಾರ್ಟನ್ ಇಂಥ ಕೆಲಸ ಮಾಡುವ ಜಾತಿಯಲ್ಲ. ಕ್ಲೋರ್ಥಾಲಿಡೋನ್ ಮಾಡಬಹುದು. ಆದರೆ ಅದು ಸೇರಿ ಹನ್ನೊಂದು ತಿಂಗಳು ಏನೂ ಆಗಿರಲಿಲ್ಲ. ಮೇಲಾಗಿ ಮೂರು ವಾರ ಬಿಟ್ಟರೂ ಎಳ್ಳಷ್ಟೂ ಸುಧಾರಿಸಿಲ್ಲ. ತಾರೀಖು ಈ ಮಾತ್ರೆಯ ಪರವಾಗಿ ಸಾಕ್ಷಿ ಹೇಳುತ್ತಿದೆ.

ಇನ್ನು ಮನೋವೈದ್ಯರ ಮಾತ್ರೆ. ಎಸ್ಸಿಟಾಲೊಪ್ರಾಂ, ಸೆರ್ಟ್ರಲಿನ್, ಪರಾಕ್ಸಿಟಿನ್, ಫ್ಲೂಒಕ್ಸಿಟಿನ್ — ಖಿನ್ನತೆಗೂ ಅತಿಯಾದ ಆತಂಕಕ್ಕೂ ಹೆಚ್ಚು ಬಳಕೆಯಲ್ಲಿರುವ ಈ ಗುಂಪು ಸೆರೊಟೊನಿನ್ ಹೆಚ್ಚಿಸುತ್ತದೆ. ಹಾಗಾಗಿ ಇವುಗಳ ಗುರುತು ಸ್ಪಷ್ಟ: ಸುಖದ ತುದಿ ತಡವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಗಂಡಸರಲ್ಲೂ ಹಾಗೆಯೇ, ಹೆಂಗಸರಲ್ಲೂ ಹಾಗೆಯೇ. ಈ ಗುಣವನ್ನೇ ಬಳಸಿಕೊಂಡು ಶೀಘ್ರಸ್ಖಲನಕ್ಕೆ ಇದೇ ಗುಂಪಿನ ಡಪಾಕ್ಸಿಟಿನ್ ಕೊಡುವುದುಂಟು. ಆಸೆ ಕುಗ್ಗುವುದೂ ಇದೆ, ನಿಮಿರುವಿಕೆ ಸಡಿಲವಾಗುವುದೂ ಇದೆ. ಬಿಪಿ ಮಾತ್ರೆಗಿಂತ ಇದು ಎಷ್ಟೋ ಹೆಚ್ಚು ಜನರಲ್ಲಿ ಕಾಣುವ ತೊಂದರೆ. ಸ್ಪೇನಿನ ಮನೋವೈದ್ಯರು 1990ರ ದಶಕದಲ್ಲಿ ಕಂಡುಕೊಂಡದ್ದು ಹೀಗೆ: ತಾವಾಗಿ ಬಾಯಿಬಿಟ್ಟ ರೋಗಿಗಳು ಏಳರಲ್ಲಿ ಒಬ್ಬರಷ್ಟು; ನೇರವಾಗಿ ಕೇಳಿದಾಗ ಹೌದೆಂದವರು ಅರ್ಧಕ್ಕೂ ಹೆಚ್ಚು. ಕೇಳದ ವೈದ್ಯರಿಗೆ ಈ ತೊಂದರೆ ಅಪರೂಪ ಎಂದೇ ಅನಿಸುತ್ತಿರುತ್ತದೆ.

ಇದರಲ್ಲಿ ಒಂದು ತೊಡಕು. ಖಿನ್ನತೆ ತಾನೇ ಆಸೆಯನ್ನು ಕೊಲ್ಲುತ್ತದೆ. ಆದ್ದರಿಂದ ಕೇಳಬೇಕಾದ್ದು: ಮಾತ್ರೆ ಶುರು ಮಾಡುವ ಮೊದಲು ಹೇಗಿತ್ತು? ಮೊದಲೇ ಆಸೆ ಇರಲಿಲ್ಲ, ಈಗಲೂ ಇಲ್ಲ, ಮನಸ್ಸೂ ಇನ್ನೂ ಮಂಕು ಎಂದರೆ ಅದು ಕಾಯಿಲೆಯದು. ಮನಸ್ಸು ತಿಳಿಯಾಗಿದೆ, ಊಟ ನಿದ್ದೆ ಸರಿಯಾಗಿದೆ, ಇದೊಂದು ಮಾತ್ರ ಹೊಸದಾಗಿ ಕೆಟ್ಟಿದೆ ಎಂದರೆ ಅದು ಮಾತ್ರೆಯದು. ನಮ್ಮ ವ್ಯಾಪಾರಿಯ 'ಎಷ್ಟು ಹೊತ್ತಾದ್ರೂ ಮುಗಿಯಲ್ಲ' ಎಂಬ ದೂರು ಐದು ತಿಂಗಳಿನದು, ಎಸ್ಸಿಟಾಲೊಪ್ರಾಂ ಶುರುವಾದ ಎರಡು ವಾರದ ನಂತರದ್ದು. ಅದು ಈ ಮಾತ್ರೆಯ ಲೆಕ್ಕಕ್ಕೆ. ಆದರೆ ಆಸೆ ಹೋದದ್ದು ಏಳು ತಿಂಗಳ ಹಿಂದೆ. ಆಗ ತಾಯಿಯೂ ಇದ್ದರು, ಈ ಮಾತ್ರೆಯೂ ಇರಲಿಲ್ಲ.

ಉಳಿದದ್ದು ಗ್ಯಾಸ್ಟ್ರಿಕ್ ಕ್ಯಾಪ್ಸೂಲ್. ಅದರ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿದಾಗ ಎರಡು ಹೆಸರು: ರಾಬೆಪ್ರಜೋಲ್ 20, ಲೆವೊಸಲ್ಪಿರೈಡ್ 75.

ಇಲ್ಲಿ ನಿಂತು ಸಾವಧಾನವಾಗಿ ಹೇಳಬೇಕು. ರಾಬೆಪ್ರಜೋಲ್, ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲ ತಗ್ಗಿಸುವಂಥವು. ಆಸೆಗೆ ಅವುಗಳಿಂದ ಧಕ್ಕೆಯಿಲ್ಲ. ಆದರೆ ಜೊತೆಗೆ ಸೇರಿಸುವ ಲೆವೊಸಲ್ಪಿರೈಡ್ ಮೂಲತಃ ಡೋಪಮಿನ್ನಿಗೆ ತಡೆ ಹಾಕುವ ಔಷಧ, ಮನೋರೋಗಕ್ಕೆ ಕೊಡುವ ಅಮಿಸಲ್ಪ್ರೈಡ್‌ನ ನೆಂಟ. ಹೊಟ್ಟೆಯಲ್ಲಿ ಡೋಪಮಿನ್ ತಡೆದರೆ ಆಹಾರ ಬೇಗ ಕೆಳಗೆ ಸರಿಯುತ್ತದೆ, ಉಬ್ಬರ ಇಳಿಯುತ್ತದೆ. ಅದಕ್ಕಾಗಿ ಕೊಡುವುದು. ಆದರೆ ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಅದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಬಿಡದಂತೆ ಸದಾ ಹಿಡಿದಿಟ್ಟಿರುವುದು ಡೋಪಮಿನ್ನೇ. ಆ ಹಿಡಿತ ಸಡಿಲವಾದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಬಾಣಂತಿಯಲ್ಲಿ ಎದೆಹಾಲು ಬರಿಸುವ ಹಾರ್ಮೋನು ಅದು. ಗಂಡಸಿನಲ್ಲಿ ಏರಿದರೆ ವೃಷಣಕ್ಕೆ ಹೋಗುವ ಆಜ್ಞೆ ನಿಂತು ಟೆಸ್ಟೊಸ್ಟೆರಾನ್ ಇಳಿಯುತ್ತದೆ, ಆಸೆ ಒಣಗುತ್ತದೆ, ಬೆಳಗಿನ ನಿಮಿರುವಿಕೆ ನಿಲ್ಲುತ್ತದೆ, ಕೆಲವರಿಗೆ ಎದೆತೊಟ್ಟು ನೋಯುತ್ತದೆ. ಹೆಂಗಸಿಗೆ ಮುಟ್ಟು ತಪ್ಪುತ್ತದೆ, ಮಗುವಿಲ್ಲದಿದ್ದರೂ ಹಾಲು ಒಸರುತ್ತದೆ. ವಯಸ್ಸಾದವರಿಗೆ ಕೈ ನಡುಕ, ನಡಿಗೆ ನಿಧಾನ. ಪಾರ್ಕಿನ್‌ಸನ್ ಕಾಯಿಲೆ ಎಂದು ತಪ್ಪು ತಿಳಿದು ಅದಕ್ಕೆ ಇನ್ನೊಂದು ಮಾತ್ರೆ ಶುರುವಾಗುವುದೂ ಉಂಟು. ಗ್ಯಾಸ್ಟ್ರಿಕ್‌ ಮಾತ್ರೆಯಲ್ಲಿ ಸೇರಿಬರುವ ಡೊಂಪೆರಿಡೋನ್ ಕೂಡ ಪ್ರೊಲ್ಯಾಕ್ಟಿನ್ ಏರಿಸಬಲ್ಲದು.

ಎರಡು ವಾರಕ್ಕೆಂದು ಬರೆದ ಕ್ಯಾಪ್ಸೂಲನ್ನು ನಮ್ಮ ವ್ಯಾಪಾರಿ ಎಂಟು ತಿಂಗಳು ನುಂಗಿದ್ದರು. ಖಾಲಿ ಸ್ಟ್ರಿಪ್ ತೋರಿಸಿದರೆ ಅಂಗಡಿಯಲ್ಲಿ ಹೊಸದು ಕೊಡುತ್ತಿದ್ದರು. "ಅದು ಬರೀ ಗ್ಯಾಸಿಂದು" ಎಂದು ಯಾವ ವೈದ್ಯರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ, ಮೂರು ತಿಂಗಳ ಹಿಂದೆ ನಾನೂ ಕೇಳಿರಲಿಲ್ಲ. ಬಿಪಿ, ಶುಗರ್, ಥೈರಾಯ್ಡಿನ ಮಾತ್ರೆಗಳನ್ನು ಜನ ಮಾತ್ರೆ ಎಂದು ಎಣಿಸುತ್ತಾರೆ. ಗ್ಯಾಸಿನದನ್ನು ಚಹಾದ ಹಾಗೆ ಬೆಳಗಿನ ಅಭ್ಯಾಸ ಎಂದುಕೊಂಡಿರುತ್ತಾರೆ.

"ಎದೆತೊಟ್ಟು ನೋಯುತ್ತಾ?" ಎಂದೆ. ಆತ ಬೆಚ್ಚಿ ನೋಡಿದರು. "ಬನಿಯನ್ ತಾಗಿದ್ರೆ ಚುರ್ ಅನ್ನುತ್ತೆ. ಅದಕ್ಕೂ ಇದಕ್ಕೂ ಏನು ಸಂಬಂಧ ಡಾಕ್ಟ್ರೇ?"

ರಕ್ತ ಪರೀಕ್ಷೆಯಲ್ಲಿ ನೋಡಿದ್ದು ಕೆಲವೇ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ತೆಗೆದ ರಕ್ತದಲ್ಲಿ ಟೆಸ್ಟೊಸ್ಟೆರಾನ್ (ಸಂಜೆಗೆ ಅದು ಸಹಜವಾಗಿ ಇಳಿಯುವುದರಿಂದ ಸಂಜೆಯ ಅಂಕಿ ದಾರಿ ತಪ್ಪಿಸುತ್ತದೆ), ಪ್ರೊಲ್ಯಾಕ್ಟಿನ್, ಥೈರಾಯ್ಡ್, ಕೊಲೆಸ್ಟರಾಲ್, ಮೂರು ತಿಂಗಳ ಸರಾಸರಿ ಸಕ್ಕರೆ. ಸಕ್ಕರೆಯನ್ನು ಬಿಡಬಾರದು, ಎಷ್ಟೋ ಗಂಡಸರಲ್ಲಿ ಮಧುಮೇಹದ ಮೊದಲ ಸುಳಿವು ಇದೇ ಆಗಿರುತ್ತದೆ. ಇವರದು ಗಡಿಯೊಳಗಿತ್ತು. ಪ್ರೊಲ್ಯಾಕ್ಟಿನ್ 68, ಗಂಡಸರಲ್ಲಿ 15–20ರ ಒಳಗಿರಬೇಕು. ಟೆಸ್ಟೊಸ್ಟೆರಾನ್ 240, 300ರ ಮೇಲಿದ್ದರೆ ಸರಿ.

ಇಂಥ ವರದಿ ಕೈಗೆ ಬಂದಾಗ ಆಗುವ ಒಂದು ದೊಡ್ಡ ತಪ್ಪು, ಟೆಸ್ಟೊಸ್ಟೆರಾನ್ ಕಡಿಮೆ ಎಂದು ನೇರ ಆ ಹಾರ್ಮೋನಿನ ಇಂಜೆಕ್ಷನ್ ಶುರು ಮಾಡುವುದು. ಅದು ಯಾಕೆ ಇಳಿಯಿತು ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ. ಪ್ರೊಲ್ಯಾಕ್ಟಿನ್ ಏರಿದ್ದಕ್ಕೆ ಪಿಟ್ಯುಟರಿಯಲ್ಲಿ ಸಣ್ಣ ಗಡ್ಡೆಯೂ ಕಾರಣವಾಗಬಹುದು. ಕಾರಣವೆಂದು ಗುಮಾನಿಯಿರುವ ಔಷಧವನ್ನು ನಿಲ್ಲಿಸಿ, ಕೆಲ ದಿನ ಬಿಟ್ಟು ಮತ್ತೆ ಅಳೆಯಬೇಕು. ಇಳಿಯದಿದ್ದರೆ ತಲೆಯ ಎಂಆರ್‌ಐ. ಮನೋರೋಗಕ್ಕೆ ಕೊಟ್ಟ ರಿಸ್ಪೆರಿಡೋನ್‌ನಂಥ ಮಾತ್ರೆಯಿಂದ ಏರಿದ್ದರೆ ಮಾತ್ರ ಹೀಗೆ ನಿಲ್ಲಿಸಿ ನೋಡುವ ಧೈರ್ಯ ಯಾರೂ ಮಾಡಬಾರದು. ಅದು ಆ ಮನೋವೈದ್ಯರೇ ತೀರ್ಮಾನಿಸಬೇಕಾದದ್ದು.

ಮುಂದಿನ ಹೆಜ್ಜೆಯಲ್ಲಿ ತಾಳ್ಮೆ ಬೇಕು: ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವಾಗಿತ್ತೆಂದು ಎಂದಿಗೂ ಗೊತ್ತಾಗುವುದಿಲ್ಲ. ಆ ದಿನವೇ ಬಿಪಿ ಮಾತ್ರೆ ಹಿಂದಿದ್ದಂತೆಯೇ ಮತ್ತೆ ಶುರು. 178/108 ಇಟ್ಟುಕೊಂಡು ಪ್ರಯೋಗ ಮಾಡುವಂತಿಲ್ಲ. ಎಸ್ಸಿಟಾಲೊಪ್ರಾಂ ಮುಟ್ಟಲಿಲ್ಲ. ನಿಲ್ಲಿಸಿದ್ದು ಗ್ಯಾಸ್ಟ್ರಿಕ್ ಕ್ಯಾಪ್ಸೂಲ್ ಒಂದನ್ನೇ. ರಾತ್ರಿ ಊಟ ಎಂಟಕ್ಕೆ, ಮಲಗುವುದು ಹತ್ತೂವರೆಗೆ, ಹುಳಿತೇಗು ತೀರಾ ಕಾಡಿದ ದಿನ ಬರೀ ರಾಬೆಪ್ರಜೋಲ್.

ಎರಡು ವಾರದಲ್ಲಿ ಪ್ರೊಲ್ಯಾಕ್ಟಿನ್ 11ಕ್ಕೆ ಬಂತು. ಎಂಆರ್‌ಐ ಬೇಕಾಗಲಿಲ್ಲ. ಐದನೆಯ ವಾರ ಬಂದಾಗ ಬಿಪಿ 132/84, ಟೆಸ್ಟೊಸ್ಟೆರಾನ್ 410. ಆತ ಕ್ಯಾಲೆಂಡರ್ ನೋಡದೆ ನನ್ನನ್ನೇ ನೋಡಿ ಹೇಳಿದರು: "ಮನಸ್ಸು ಬರ್ತಿದೆ. ಬೆಳಿಗ್ಗೇದೂ ಬಂದಿದೆ. ಮುಗಿಯೋದೊಂದು ಇನ್ನೂ ತಡ." ಬಿಪಿ ಮಾತ್ರೆ ಹೊಟ್ಟೆಯಲ್ಲಿದ್ದೇ ಇಷ್ಟೆಲ್ಲ ಮರಳಿತ್ತು. ಮೂರು ವಾರ ಬಿಟ್ಟದ್ದು ಅದನ್ನೇ!

ಉಳಿದ ತಡದ ವಿಷಯಕ್ಕೆ ಮನೋವೈದ್ಯರು ಆ ದಂಪತಿಯ ಮುಂದೆ ದಾರಿಗಳನ್ನು ಇಟ್ಟರು. ಕಾಯುವುದು ಒಂದು, ಕೆಲವರಿಗೆ ಕೆಲವು ತಿಂಗಳಲ್ಲಿ ತಾನಾಗಿ ಸುಧಾರಿಸುತ್ತದೆ. ಅಳತೆ ಇಳಿಸುವುದು ಇನ್ನೊಂದು. ಈ ತೊಂದರೆ ಕಡಿಮೆಯಿರುವ ಬುಪ್ರೊಪಿಯಾನ್, ಮಿರ್ಟಜಪಿನ್, ವೊರ್ಟಿಯಾಕ್ಸಿಟಿನ್‌ನಂಥದಕ್ಕೆ ಬದಲಿಸುವುದು ಮತ್ತೊಂದು. ಬದಲಿಸಿದರೆ ಹೊಸದು ಮನಸ್ಸಿಗೆ ಒಗ್ಗುತ್ತದೋ ಇಲ್ಲವೋ ಎಂಬ ಅಪಾಯವೂ ಇದೆ. ತಾವಾಗಿ ನಿಲ್ಲಿಸುವುದಂತೂ ಬೇಡ ಎಂದು ಅವರು ಒತ್ತಿ ಹೇಳಿದರು. ಥಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದ ಹಾಗೆ ಜುಮ್ಮೆನ್ನುವುದು, ಸಿಡುಕು, ನಿದ್ದೆಗೇಡು ಬರುತ್ತವೆ, ಖಿನ್ನತೆಯೂ ಮರುಕಳಿಸಬಹುದು. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಈ ಗುಂಪಿನ ಮಾತ್ರೆ ನಿಲ್ಲಿಸಿದ ಮೇಲೂ ಕೆಲವರಲ್ಲಿ ತೊಂದರೆ ಉಳಿದುಬಿಡುತ್ತದೆ ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಕೆ ಸೇರಿಸಿದೆ. ಅಂಥವರ ದೂರನ್ನು 'ಎಲ್ಲ ನಿಮ್ಮ ಮನಸ್ಸಿನದು' ಎಂದು ತಳ್ಳಿಹಾಕುವುದು ಅನ್ಯಾಯ.

ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ ಹೋದ ಮೇಲೆ ಇವರು ಎರಡು ತಿಂಗಳು ಯಾರ ಹತ್ರಾನೂ ಮಾತಾಡಿರಲಿಲ್ಲ. ಈಗ ನಗ್ತಾ ಇದಾರೆ. ಅದು ಹೋಗಬಾರದು, ಇನ್ನೊಂದಷ್ಟು ದಿನ ಕಾಯ್ತೀವಿ" ಎಂದರು. ಪೂರ್ತಿ ಗುಣವಾಗಿ ಆರು ತಿಂಗಳು ಕಳೆದ ಮೇಲೆ, ವಾರಗಟ್ಟಲೆ ಸಮಯ ಕೊಟ್ಟು 10ರಿಂದ 5ಕ್ಕೆ, 5ರಿಂದ ಪೂರ್ತಿಯಾಗಿ ಇಳಿಸುವುದೆಂದು ತೀರ್ಮಾನವಾಯಿತು. ಕ್ಲೊನಾಜೆಪಾಂ ಅದಕ್ಕೂ ಮೊದಲೇ ಹಂತಹಂತವಾಗಿ ಹೋಗಬೇಕು. ದಿನವೂ ತೆಗೆದುಕೊಂಡರೆ ಅದೂ ಆಸೆಯನ್ನು ಮಂಕು ಮಾಡಬಲ್ಲದು.

ಈ ಚೀಟಿಯಲ್ಲಿ ಇರದ ಕೆಲವನ್ನೂ ಹೆಸರಿಸಿಬಿಡುತ್ತೇನೆ. ಪ್ರಾಸ್ಟೇಟಿಗೂ ಕೂದಲು ಉದುರುವುದಕ್ಕೂ ಕೊಡುವ ಫಿನಾಸ್ಟೆರೈಡ್, ಡುಟಾಸ್ಟೆರೈಡ್ ಆಸೆಯನ್ನೂ ನಿಮಿರುವಿಕೆಯನ್ನೂ ಕುಗ್ಗಿಸಬಹುದು. ಪ್ರಾಸ್ಟೇಟಿನದೇ ಟ್ಯಾಮ್ಸುಲೋಸಿನ್‌ನಿಂದ ಸ್ಖಲನವಾದರೂ ವೀರ್ಯ ಹೊರಗೆ ಬರದಿರಬಹುದು. ಅದು ನೋಡಿ ಗಾಬರಿಯಾಗುವವರು ಬಹಳ, ಅಪಾಯವೇನಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡ ಟ್ರಮಡಾಲ್‌ನಂಥ ನೋವಿನ ಮಾತ್ರೆ ಟೆಸ್ಟೊಸ್ಟೆರಾನ್ ಇಳಿಸುತ್ತದೆ.

ಕೊನೆಗೆ, ಪ್ರಾಣಕ್ಕೆ ಸಂಬಂಧಿಸಿದ್ದು. ತೊಂದರೆಯನ್ನು ಹೇಳಿಕೊಳ್ಳಲಾಗದವರು ಅಂಗಡಿಯಿಂದ ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್ ತಂದು ನುಂಗುತ್ತಾರೆ. ವೈದ್ಯರು ನೋಡಿ ಕೊಟ್ಟರೆ ಇವು ಒಳ್ಳೆಯ ಮಾತ್ರೆಗಳೇ. ಬಿಪಿ ಮಾತ್ರೆ ತೆಗೆದುಕೊಳ್ಳುವ ಬಹುತೇಕರಿಗೂ ಕೊಡಬಹುದು. ಆದರೆ ಎದೆನೋವಿಗೆ ನಾಲಿಗೆ ಅಡಿ ಇಡುವ ಐಸೊಸಾರ್ಬೈಡ್‌ನಂಥ ನೈಟ್ರೇಟ್ ಮಾತ್ರೆಯ ಜೊತೆ, ಅಥವಾ ನಿಕೊರಾಂಡಿಲ್ ಜೊತೆ ಇವು ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಕುಸಿದು ಸಾವೇ ಬರಬಹುದು. ಗಿಡಮೂಲಿಕೆ ಎಂದು ಮಾರುವ 'ಪವರ್' ಗುಳಿಗೆಗಳಲ್ಲಿ ಇದೇ ಸಿಲ್ಡೆನಾಫಿಲ್ ಕದ್ದು ಬೆರೆಸಿದ್ದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಎದೆನೋವೆಂದು ಆಸ್ಪತ್ರೆಗೆ ಹೋದಾಗ ಇಂಥದನ್ನು ನುಂಗಿದ್ದರೆ ನಾಚಿಕೆ ಬಿಟ್ಟು ಮೊದಲು ಅದನ್ನೇ ಹೇಳಿ, ನೈಟ್ರೇಟ್ ಕೊಡುವ ಮುಂಚೆ. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ.

ಯಾವ ಮಾತ್ರೆಯ ತಪ್ಪೂ ಇಲ್ಲದೆ, ನಿಮಿರುವಿಕೆ ತಿಂಗಳು ತಿಂಗಳಿಗೆ ಸಡಿಲವಾಗುತ್ತಾ ಹೋದರೆ ಅದನ್ನು ಹೃದಯದ ಸುಳಿವೆಂದೂ ನೋಡಬೇಕು. ಶಿಶ್ನದ ರಕ್ತನಾಳದ ಅಗಲ ಒಂದೆರಡು ಮಿಲಿಮೀಟರ್, ಹೃದಯದ್ದು ಮೂರು ನಾಲ್ಕು. ಒಂದೇ ಕೊಬ್ಬು ಎರಡನ್ನೂ ಕಟ್ಟುತ್ತಿದ್ದರೆ ಸಣ್ಣದು ಮೊದಲು ಮುಚ್ಚುತ್ತದೆ. ಎದೆನೋವಿಗೆ ಎರಡು ಮೂರು ವರ್ಷ ಮೊದಲೇ ಈ ಸೂಚನೆ ಬಂದಿರಬಹುದು.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯಿಂದ ನೀವೇ ತಂದದ್ದು, ನಾಟಿ ಔಷಧ, ಗ್ಯಾಸಿನ ಕ್ಯಾಪ್ಸೂಲ್ ಯಾವುದನ್ನೂ ಬಿಡಬೇಡಿ. ತೊಂದರೆ ಶುರುವಾದ ತಿಂಗಳನ್ನು ಚೀಟಿಯ ಹಿಂದೆ ಬರೆದುಕೊಳ್ಳಿ. ಬಾಯಲ್ಲಿ ಹೇಳಲು ಆಗದಿದ್ದರೆ ಆ ಚೀಟಿಯನ್ನು ತಿರುಗಿಸಿ ಮೇಜಿನ ಮೇಲಿಡಿ. ಅಲ್ಲಿಯವರೆಗೆ ಬಿಪಿ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ.